ಸೊಂಟದವರೆಗಿನ ಫೋಟೋವನ್ನು ಪೂರ್ಣದೇಹದ ದೃಶ್ಯವಾಗಿ ಹಿಗ್ಗಿಸುವಾಗ ಕಾಲುಗಳು ಮುಗಿಯುವುದೇ ಇಲ್ಲ, ಏಕೆ?

ನೆರಳುಬೆಳಕು

ನನ್ನ ಚಿತ್ರಕಥೆಯ ಮುಖ್ಯ ಪಾತ್ರಕ್ಕಾಗಿ ಸ್ನೇಹಿತೆಯೊಬ್ಬಳ ಒಪ್ಪಿಗೆ ಪಡೆದು ತೆಗೆದ ಆರು ಆಕರ ಫೋಟೋಗಳು ನನ್ನ ಬಳಿ ಇವೆ. ಆರೂ ಸೊಂಟದ ಆಸುಪಾಸಿನಲ್ಲಿ ಕತ್ತರಿಸಿಹೋಗಿವೆ. ಅವುಗಳನ್ನು ಔಟ್‌ಪೇಂಟಿಂಗ್ ಮೂಲಕ ಪೂರ್ಣದೇಹದ ಚಿತ್ರಗಳನ್ನಾಗಿ ಮಾಡಬೇಕು. ಆರನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ವ್ಯಕ್ತಿ ಒಂದೇ ಎತ್ತರದಲ್ಲಿ, ಒಂದೇ ನೆಲದ ಮೇಲೆ ನಿಂತಂತೆ ಕಾಣಬೇಕು ಎಂಬುದು ನನ್ನ ಗುರಿ.

ಮೊದಲ ಫೋಟೋದ ಅಳತೆ 800×1000 ಪಿಕ್ಸೆಲ್. ಕಂಫಿಯುಐನಲ್ಲಿ ಎಸ್‌ಡಿಎಕ್ಸ್‌ಎಲ್ ಇನ್‌ಪೇಂಟಿಂಗ್ ಮಾಡೆಲ್ ಹಾಕಿಕೊಂಡು, ಕೆಳಗಡೆ ಒಂದು ಸಲಕ್ಕೆ 256 ಪಿಕ್ಸೆಲ್‌ನಂತೆ ನಾಲ್ಕು ಬಾರಿ ಹಿಗ್ಗಿಸಿದೆ. ಮೊದಲ ಸಲ ತೊಡೆ ಬಂದಿತು, ಎರಡನೆಯ ಸಲ ಮೊಣಕಾಲು ಬಂದಿತು, ಮೂರನೆಯ ಸಲ ಮತ್ತೊಮ್ಮೆ ಮೊಣಕಾಲಿನಂತಹ ಮಡಿಕೆಯೇ ಬಂದಿತು, ನಾಲ್ಕನೆಯ ಸಲವೂ ಪಾದ ಕಾಣಿಸಲಿಲ್ಲ. ಪ್ರಾಂಪ್ಟಿನಲ್ಲಿ `extend the image downward, full body portrait` ಎಂದು ಬರೆದಿದ್ದೆ. ತಪ್ಪು ಪ್ರಾಂಪ್ಟಿನಲ್ಲಿದೆಯೋ ಕ್ರಮದಲ್ಲಿದೆಯೋ ತಿಳಿಯುತ್ತಿಲ್ಲ.

ಅವಸರದವ

ಇಷ್ಟೊಂದು ಶ್ರಮ ಏಕೆ ಎಂದು ನನಗೆ ಅರ್ಥವಾಗಲಿಲ್ಲ. ಈಗ ಮಾತಿನಲ್ಲಿ ಹೇಳಿದರೆ ಚಿತ್ರ ತಿದ್ದಿಕೊಡುವ ಉಪಕರಣಗಳು ಬಂದಿವೆ. ಫೋಟೋ ಹಾಕಿ, ಈ ವ್ಯಕ್ತಿಯನ್ನು ತಲೆಯಿಂದ ಪಾದದವರೆಗೆ ತೋರಿಸು ಎಂದು ಒಂದು ವಾಕ್ಯ ಬರೆದರೆ ಅರೆ ನಿಮಿಷದಲ್ಲಿ ಮುಗಿಯುತ್ತದೆ. ನಾನು ದಿನಕ್ಕೆ ಹತ್ತು ಚಿತ್ರ ಹಾಗೆಯೇ ಮಾಡುತ್ತೇನೆ.

ಅಳತೆಗೋಲು

ಅವಸರದವ ಅವರೇ, ನೀವು ಹೇಳುವ ಉಪಕರಣಗಳು ಕೆಟ್ಟವಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಚಿತ್ರವನ್ನು ಹಿಗ್ಗಿಸುವುದಿಲ್ಲ, ಮುಖವನ್ನೂ ಸೇರಿಸಿ ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ಹೊರಬಂದ ಚಿತ್ರವನ್ನು ಮೂಲ ಫೋಟೋದ ಮೇಲೆ ಪದರವಾಗಿ ಇಟ್ಟು, ಮೇಲಿನ ಪದರವನ್ನು ಒಮ್ಮೆ ತೋರಿಸಿ ಒಮ್ಮೆ ಮರೆಮಾಡಿ ನೋಡಿ. ಕಣ್ಣುಗಳ ನಡುವಿನ ಅಂತರ, ಕಿವಿಯ ಅಂಚು, ಕೊರಳಪಟ್ಟಿಯ ಮಡಿಕೆ ಎಲ್ಲವೂ ಸ್ವಲ್ಪ ಸ್ವಲ್ಪ ಜರುಗಿರುತ್ತವೆ. ಒಂದೇ ಚಿತ್ರ ಬೇಕಾದವರಿಗೆ ಅದು ಗೊತ್ತಾಗುವುದಿಲ್ಲ. ಆರು ಚಿತ್ರಗಳನ್ನು ಸಾಲಾಗಿ ಇಡುವವರಿಗೆ ಅವು ಆರು ಅಕ್ಕತಂಗಿಯರಂತೆ ಕಾಣುತ್ತವೆ.

ನೆರಳುಬೆಳಕು ಅವರ ಪ್ರಶ್ನೆಗೆ ಬರುತ್ತೇನೆ. ತೊಂದರೆ ಎರಡೂ ಕಡೆ ಇದೆ, ಆದರೆ ದೊಡ್ಡದು ಕ್ರಮದಲ್ಲಿದೆ. ನೀವು ನಾಲ್ಕು ಬಾರಿ ಹಿಗ್ಗಿಸಿದಾಗ, ಪ್ರತಿ ಬಾರಿಯೂ ಮಾಡೆಲ್‌ಗೆ ಕಾಣುವುದು ಆಗಿನ ಕ್ಯಾನ್ವಾಸ್ ಮಾತ್ರ. ಇನ್ನೂ ಎಷ್ಟು ಜಾಗ ಮುಂದೆ ಬರಲಿದೆ, ದೇಹ ಎಲ್ಲಿ ಮುಗಿಯಬೇಕು ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಮೂರನೆಯ ಸಲ ಅದರ ಮುಂದೆ ಇದ್ದದ್ದು ಬಟ್ಟೆಯಿಂದ ಮುಚ್ಚಿದ ಒಂದು ಕಂಬದಂತಹ ಆಕಾರ. ಅದನ್ನು ತೊಡೆಯೆಂದು ತಿಳಿದು ಮತ್ತೊಂದು ಮೊಣಕಾಲು ಕೊಟ್ಟಿತು. ಜೊತೆಗೆ, ಕ್ಯಾನ್ವಾಸಿನ ಎತ್ತರ 1000ದಿಂದ 2024ಕ್ಕೆ ಹೋದಾಗ ನೀವು ಎಸ್‌ಡಿಎಕ್ಸ್‌ಎಲ್ ಕಲಿತ ಅಳತೆಗಳನ್ನು ದಾಟಿ ಬಹಳ ದೂರ ಹೋಗಿದ್ದೀರಿ. ಅದು ಸುಮಾರು 1024×1024ರಷ್ಟು ವಿಸ್ತೀರ್ಣದ ಚಿತ್ರಗಳಿಗೆ ಒಗ್ಗಿದ ಮಾಡೆಲ್. ಎತ್ತರ ಹೆಚ್ಚಾದಂತೆ ಅಂಗಗಳು ಎರಡೆರಡು ಸಲ ಬರುವುದು ಅದರ ಹಳೆಯ ರೋಗ.

ಆದ್ದರಿಂದ ಮೊದಲು ಇಡೀ ದೃಶ್ಯದ ಚೌಕಟ್ಟನ್ನು ಲೆಕ್ಕ ಹಾಕಿ, ಅದನ್ನು ಅರ್ಧಕ್ಕೆ ಕುಗ್ಗಿಸಿ, ಒಂದೇ ಸಲಕ್ಕೆ ತುಂಬಿಸಿ. ಆಮೇಲೆ ದೊಡ್ಡದು ಮಾಡಿ, ಮೂಲ ಫೋಟೋವನ್ನು ಅದರ ಜಾಗಕ್ಕೆ ಮರಳಿ ಕೂರಿಸಿ. ಈ ಲೆಕ್ಕಕ್ಕೆ ನಿಮ್ಮ ಫೋಟೋದಲ್ಲಿ ನೆತ್ತಿ ಮತ್ತು ಗಲ್ಲದ ತುದಿ ಯಾವ ಪಿಕ್ಸೆಲ್ ಸಾಲಿನಲ್ಲಿವೆ ಎಂದು ತಿಳಿಸುತ್ತೀರಾ?

ನೆರಳುಬೆಳಕು

ಎಡಿಟರಿನಲ್ಲಿ ಕರ್ಸರ್ ಇಟ್ಟು ನೋಡಿದೆ. ಕೂದಲಿನ ಮೇಲ್ತುದಿ 100ನೆಯ ಸಾಲಿನಲ್ಲಿದೆ, ಗಲ್ಲ 360ರಲ್ಲಿದೆ. ಎಂದರೆ ತಲೆಯ ಎತ್ತರ 260 ಪಿಕ್ಸೆಲ್.

ಅಳತೆಗೋಲು

ಕೂದಲನ್ನು ಬಿಟ್ಟು ಅಳೆಯಬೇಕು. ಕೂದಲು ಮೇಲಕ್ಕೆ ಎತ್ತಿ ಕಟ್ಟಿದ್ದರೆ ಅಥವಾ ದಟ್ಟವಾಗಿದ್ದರೆ ತಲೆಬುರುಡೆ ಅದರ ಒಳಗೆ ಕೆಳಗಿರುತ್ತದೆ. ಸುಲಭದ ಉಪಾಯವೆಂದರೆ, ನೇರವಾಗಿ ನೋಡುತ್ತಿರುವ ಮುಖದಲ್ಲಿ ಕಣ್ಣುಗಳು ನೆತ್ತಿ ಮತ್ತು ಗಲ್ಲದ ಸರಿಮಧ್ಯದಲ್ಲಿ ಇರುತ್ತವೆ. ನಿಮ್ಮ ಫೋಟೋದಲ್ಲಿ ಕಣ್ಣು 240ರಲ್ಲಿದ್ದರೆ, ಅಲ್ಲಿಂದ ಗಲ್ಲಕ್ಕೆ 120, ಹಾಗಾಗಿ ನೆತ್ತಿ ಮೇಲಕ್ಕೆ 120 ಎಂದರೆ 120ನೆಯ ಸಾಲು. ತಲೆಯ ಎತ್ತರ ಆಗ 240. ಇಪ್ಪತ್ತು ಪಿಕ್ಸೆಲ್ ಸಣ್ಣ ವ್ಯತ್ಯಾಸವೆನಿಸಬಹುದು, ಆದರೆ ದೇಹದ ಎತ್ತರ ತಲೆಯ ಏಳೂವರೆ ಪಟ್ಟು ಎಂದು ಹಿಡಿದು ಅದನ್ನು ಏಳೂವರೆಯಿಂದ ಗುಣಿಸುತ್ತೇವೆ. ಆಗ ಒಟ್ಟು ಎತ್ತರದಲ್ಲಿ 150 ಪಿಕ್ಸೆಲ್ ಹೆಚ್ಚಾಗುತ್ತದೆ, ಮೇಲಿನ ಭಾಗ ಫೋಟೋದಲ್ಲೇ ನಿಗದಿಯಾಗಿರುವುದರಿಂದ ಆ ಹೆಚ್ಚಳದ ಬಹುಪಾಲು ಕಾಲುಗಳಿಗೇ ಹೋಗುತ್ತದೆ.

ನೆರಳುಬೆಳಕು

ಕಣ್ಣು 240ರಲ್ಲಿಯೇ ಇದೆ. ಅವಳು ಕೂದಲನ್ನು ಗಂಟು ಹಾಕಿದ್ದಳು, ಅದನ್ನು ನಾನು ಗಮನಿಸಿರಲಿಲ್ಲ.

ಬಣ್ಣದಡಬ್ಬಿ

ನಾನು ಕೈಯಲ್ಲಿ ಚಿತ್ರ ಬರೆಯುವವನು, ಆದ್ದರಿಂದ ಒಂದು ತಿದ್ದುಪಡಿ. ದೇಹವನ್ನು ಎಂಟು ತಲೆಗಳ ಎತ್ತರಕ್ಕೆ ಬರೆಯಬೇಕೆಂದು ನಮಗೆ ಕಲಿಸಿದ್ದಾರೆ, ಏಳೂವರೆಯಲ್ಲ. ಮತ್ತೊಂದು ವಿಷಯ: ಕ್ಯಾಮೆರಾ ಮುಖದ ಮಟ್ಟದಲ್ಲಿದ್ದರೆ ಕಾಲುಗಳು ಕ್ಯಾಮೆರಾದಿಂದ ದೂರ ಇರುತ್ತವೆ, ದೂರದ್ದು ಚಿಕ್ಕದಾಗಿ ಕಾಣಬೇಕು, ಆದ್ದರಿಂದ ಕಾಲುಗಳನ್ನು ಲೆಕ್ಕಕ್ಕಿಂತ ಗಿಡ್ಡ ಮಾಡಬೇಕು. ಇದನ್ನು ಮರೆತರೆ ವ್ಯಕ್ತಿ ಬೊಂಬೆಯಂತೆ ಕಾಣುತ್ತಾನೆ.

ಅಳತೆಗೋಲು

ಎಂಟು ತಲೆ ಎಂಬುದು ಚಿತ್ರಕಾರರ ಆದರ್ಶ ಅಳತೆ. ನಿಜವಾದ ವಯಸ್ಕರು ಸಾಮಾನ್ಯವಾಗಿ ಏಳರಿಂದ ಏಳೂವರೆ ತಲೆಯಷ್ಟಿರುತ್ತಾರೆ. ಕಲ್ಪನೆಯ ವೀರನಿಗೆ ಎಂಟು ಹಾಕಬಹುದು, ಫೋಟೋದ ಮುಖಕ್ಕೆ ಎಂಟು ತಲೆಯ ದೇಹ ಜೋಡಿಸಿದರೆ ಕಣ್ಣಿಗೆ ಯಾವುದೋ ಒಂದು ಸರಿಯಿಲ್ಲ ಎನ್ನಿಸುತ್ತದೆ.

ಎರಡನೆಯ ಮಾತು ಅರ್ಧ ಸರಿ. ಕ್ಯಾಮೆರಾವನ್ನು ಕೆಳಮುಖವಾಗಿ ವಾಲಿಸಿ ತೆಗೆದ ಫೋಟೋದಲ್ಲಿ ಕಾಲುಗಳು ಗಿಡ್ಡವಾಗುವುದು ನಿಜ. ಆದರೆ ಕ್ಯಾಮೆರಾವನ್ನು ವಾಲಿಸದೆ ನೆಟ್ಟಗೆ ಹಿಡಿದಿದ್ದರೆ, ನೆಟ್ಟಗೆ ನಿಂತ ದೇಹ ಸೆನ್ಸರಿಗೆ ಸಮಾನಾಂತರವಾಗಿರುತ್ತದೆ. ಆಗ ಕ್ಯಾಮೆರಾ ಮುಖದ ಮಟ್ಟದಲ್ಲಿದ್ದರೂ ಮುಖಕ್ಕೂ ಪಾದಕ್ಕೂ ಒಂದೇ ಪ್ರಮಾಣ ಉಳಿಯುತ್ತದೆ. ಎತ್ತರದ ಕಟ್ಟಡವನ್ನು ನೆಟ್ಟಗೆ ಹಿಡಿದ ಕ್ಯಾಮೆರಾದಿಂದ ತೆಗೆದಾಗ ಮೇಲಿನ ಕಿಟಕಿಗಳೂ ಕೆಳಗಿನ ಕಿಟಕಿಗಳಷ್ಟೇ ಎತ್ತರ ಕಾಣುವುದೂ ಇದೇ ಕಾರಣಕ್ಕೆ. ಬದಲಾಗುವುದು ಪಾದಗಳ ನೋಟ: ಹತ್ತಿರದಿಂದ ತೆಗೆದಿದ್ದರೆ ಬೂಟುಗಳ ಮೇಲ್ಭಾಗ ಹೆಚ್ಚು ಕಾಣುತ್ತದೆ, ನೆಲ ಕಡಿದಾಗಿ ನಮ್ಮ ಕಡೆಗೆ ಇಳಿದಂತೆ ಇರುತ್ತದೆ.

ವಾಲಿದೆಯೋ ಇಲ್ಲವೋ ಎಂದು ತಿಳಿಯಲು ಹಿನ್ನೆಲೆಯ ಬಾಗಿಲಿನ ಅಥವಾ ಕಿಟಕಿಯ ನಿಂತ ಅಂಚುಗಳನ್ನು ನೋಡಿ. ಎರಡೂ ಅಂಚುಗಳು ಒಂದಕ್ಕೊಂದು ಸಮಾನಾಂತರವಾಗಿದ್ದರೆ ಕ್ಯಾಮೆರಾ ನೆಟ್ಟಗಿತ್ತು. ಕೆಳಕ್ಕೆ ಹೋದಂತೆ ಅವು ಹತ್ತಿರವಾಗುತ್ತಿದ್ದರೆ ಕ್ಯಾಮೆರಾ ಕೆಳಮುಖವಾಗಿತ್ತು, ಆಗ ಬಣ್ಣದಡಬ್ಬಿ ಅವರ ಮಾತನ್ನು ಪಾಲಿಸಬೇಕು.

ಬಣ್ಣದಡಬ್ಬಿ

ಒಪ್ಪಿದೆ, ಆದರೆ ಎಂಟು ತಲೆಯನ್ನು ನಾನು ಬಿಟ್ಟುಕೊಡುವುದಿಲ್ಲ. ಚಿತ್ರಕಥೆಯ ಪಾತ್ರ ಸ್ವಲ್ಪ ಎತ್ತರವಾಗಿದ್ದರೇ ಚೆಂದ.

ನೆರಳುಬೆಳಕು

ಮೊದಲ ಐದು ಫೋಟೋಗಳಲ್ಲಿ ಕಿಟಕಿಯ ನಿಂತ ಅಂಚುಗಳು ಸಮಾನಾಂತರವಾಗಿವೆ. ಆರನೆಯದನ್ನು ಮೆಟ್ಟಿಲ ಮೇಲೆ ನಿಂತು ತೆಗೆದಿದ್ದೆ, ಅದರಲ್ಲಿ ಅಂಚುಗಳು ಸ್ಪಷ್ಟವಾಗಿ ಕೆಳಕ್ಕೆ ಕೂಡುತ್ತಿವೆ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಅಳತೆಗೋಲು

ಸರಿ, ಮೊದಲನೆಯದರ ಲೆಕ್ಕ ಮಾಡೋಣ. ತಲೆ 240, ಏಳೂವರೆ ಪಟ್ಟು ಎಂದರೆ ನೆತ್ತಿಯಿಂದ ಅಂಗಾಲಿಗೆ 1800 ಪಿಕ್ಸೆಲ್. ಎಸ್‌ಡಿಎಕ್ಸ್‌ಎಲ್‌ಗೆ ಒಗ್ಗುವ ಉದ್ದನೆಯ ಅಳತೆಗಳಲ್ಲಿ 832×1216 ಒಂದು. ಅದರ ಎರಡರಷ್ಟು 1664×2432. ಈ ದೊಡ್ಡ ಚೌಕಟ್ಟಿನಲ್ಲಿ ಫೋಟೋದ ಮೇಲೆ 160 ಪಿಕ್ಸೆಲ್ ಜಾಗ ಬಿಟ್ಟರೆ ನೆತ್ತಿ 280ಕ್ಕೆ ಬರುತ್ತದೆ, ಅಂಗಾಲು 2080ಕ್ಕೆ, ಅದರ ಕೆಳಗೆ 352 ಪಿಕ್ಸೆಲ್ ಖಾಲಿ ನೆಲ. ಆ ಖಾಲಿ ನೆಲ ಅಲಂಕಾರಕ್ಕಲ್ಲ. ಪಾದಗಳು ಚೌಕಟ್ಟಿನ ಅಂಚಿಗೆ ತಾಗುವಷ್ಟೇ ಜಾಗ ಕೊಟ್ಟರೆ ಮಾಡೆಲ್ ಬಹಳ ಸಲ ಕಣಕಾಲಿನಲ್ಲೇ ಕತ್ತರಿಸಿಬಿಡುತ್ತದೆ, ಏಕೆಂದರೆ ಅದು ಕಲಿತ ಫೋಟೋಗಳಲ್ಲಿ ಹಾಗೆ ಕತ್ತರಿಸಿದವು ಬೇಕಾದಷ್ಟಿವೆ.

ಈಗ ಎಲ್ಲವನ್ನೂ ಅರ್ಧ ಮಾಡಿ. ಫೋಟೋದ ಕೆಳಗಿನ 8 ಸಾಲುಗಳನ್ನು ಮೊದಲೇ ಕತ್ತರಿಸಿ 800×992 ಮಾಡಿಕೊಳ್ಳಿ, ಆಗ ಅರ್ಧವಾದ 400×496 ಎಂಟರಿಂದ ಸಮನಾಗಿ ಭಾಗವಾಗುತ್ತದೆ. ಮಾಡೆಲ್ ಒಳಗೆ ಚಿತ್ರವನ್ನು ಎಂಟು ಪಿಕ್ಸೆಲ್‌ಗಳ ಚೌಕಗಳಾಗಿ ಕುಗ್ಗಿಸಿ ಕೆಲಸ ಮಾಡುವುದರಿಂದ, ಮಾಸ್ಕಿನ ಅಂಚು ಚೌಕದ ನಡುವೆ ಬಿದ್ದರೆ ಅಲ್ಲೊಂದು ಮಸುಕು ಗೆರೆ ಉಳಿಯಬಹುದು. `Pad Image for Outpainting` ನೋಡಿನಲ್ಲಿ ಇಷ್ಟು ತುಂಬಿ:

```
left: 216
top: 80
right: 216
bottom: 640
feathering: 24
```

ಈ ಅರ್ಧ ಚೌಕಟ್ಟಿನಲ್ಲಿ ನೆತ್ತಿ 140, ಕಣ್ಣು 200, ಗಲ್ಲ 260, ಮೊಣಕಾಲು ಸುಮಾರು 800, ಅಂಗಾಲು 1040. ಈ ಐದು ಸಾಲುಗಳನ್ನು ಒಂದು ಪಾರದರ್ಶಕ ಪದರದಲ್ಲಿ ಗೆರೆ ಎಳೆದು ಉಳಿಸಿಕೊಳ್ಳಿ. ಉಳಿದ ಫೋಟೋಗಳನ್ನು ತಲೆ ಸರಿಯಾಗಿ 120 ಪಿಕ್ಸೆಲ್ ಬರುವಂತೆ ಹಿಗ್ಗಿಸಿ ಅಥವಾ ಕುಗ್ಗಿಸಿ, ಕಣ್ಣನ್ನು 200ರ ಗೆರೆಯ ಮೇಲೆ ಕೂರಿಸಿ, ಆಮೇಲೆ ಸುತ್ತ ಎಷ್ಟು ಖಾಲಿ ಉಳಿಯುತ್ತದೆಯೋ ಅಷ್ಟನ್ನು ತುಂಬಿಸಿ. ಆರೂ ಒಂದೇ ಎತ್ತರಕ್ಕೆ ಬರುವುದು ಪ್ರಾಂಪ್ಟಿನಿಂದಲ್ಲ, ಈ ಗೆರೆಗಳಿಂದ.

ಇನ್ನು ಪ್ರಾಂಪ್ಟ್. ಹಿಗ್ಗಿಸು ಎಂಬ ಆಜ್ಞೆ ಈ ಮಾಡೆಲ್‌ಗೆ ಅರ್ಥವಾಗುವುದಿಲ್ಲ. ಅದು ಬಯಸುವುದು ಮುಗಿದ ಚಿತ್ರದ ವರ್ಣನೆಯನ್ನು. `portrait` ಎಂಬ ಪದ ಇನ್ನೂ ಕೆಟ್ಟದ್ದು, ಅದು ಚಿತ್ರವನ್ನು ಎದೆಯ ಮಟ್ಟಕ್ಕೆ ಎಳೆಯುತ್ತದೆ. ಫೋಟೋದಲ್ಲಿ ಕಾಣದ ವಸ್ತುಗಳನ್ನೇ ಹೆಸರಿಸಿ, ಮುಖ್ಯವಾಗಿ ಬೂಟು ಮತ್ತು ನೆಲವನ್ನು. ಬೂಟಿನ ಹೆಸರು ಬಂದ ಮೇಲೆ ಪಾದವನ್ನು ಬಿಡುವುದು ಅದಕ್ಕೆ ಕಷ್ಟವಾಗುತ್ತದೆ.

```
full body photo of a woman standing in a corridor,
long dark green shirt, grey trousers, brown leather shoes,
stone floor, plain wall behind her, window light from the left,
eye-level camera, empty floor in front of her feet
```

ಪಿಕ್ಸೆಲ್‌ಪ್ರಿಯ

ಇದಕ್ಕೆ ಓಪನ್‌ಪೋಸ್ ಕಂಟ್ರೋಲ್‌ನೆಟ್ ಕೂಡ ಸೇರಿಸಿ. ಅಸ್ಥಿಪಂಜರದ ರೇಖೆಯಲ್ಲಿ ಕಣಕಾಲಿನ ಬಿಂದುವನ್ನು ಎಲ್ಲಿ ಇಡುತ್ತೀರೋ ಅಲ್ಲಿಗೇ ಕಾಲು ಬರುತ್ತದೆ. ಒಂದು ಎಚ್ಚರಿಕೆ ಬೇಕು: ಹಳೆಯ ಹದಿನೆಂಟು ಬಿಂದುಗಳ ಮಾದರಿಯಲ್ಲಿ ಕಾಲಿನ ಕೊನೆಯ ಬಿಂದು ಕಣಕಾಲೇ ಹೊರತು ಅಂಗಾಲಲ್ಲ. ಬಿಂದುವನ್ನು 1040ಕ್ಕೆ ಇಟ್ಟರೆ ಪಾದ ಅದಕ್ಕಿಂತ ಕೆಳಗೆ ಇಳಿಯುತ್ತದೆ. ನಾನು 1005ರ ಹತ್ತಿರ ಇಡುತ್ತೇನೆ. ಬಲ 0.7, ಮತ್ತು `end_percent` 0.6 ಸಾಕಾಗುತ್ತದೆ, ಕೊನೆಯವರೆಗೂ ಬಿಟ್ಟರೆ ಕಾಲುಗಳು ಕೋಲಿನಂತೆ ಬಿಗಿಯಾಗುತ್ತವೆ.

ಹಳೆಯಆಲ್ಬಂ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನನ್ನ ಅಜ್ಜನ ಒಂದೇ ಒಂದು ಫೋಟೋ ಉಳಿದಿದೆ, ಕುರ್ಚಿಯಲ್ಲಿ ಕುಳಿತದ್ದು, ಎದೆಯವರೆಗೆ ಮಾತ್ರ. ಅದನ್ನು ನಿಂತ ಭಂಗಿಯ ಪೂರ್ಣ ಚಿತ್ರ ಮಾಡಿ ಗೋಡೆಗೆ ಹಾಕಬೇಕೆಂದಿದ್ದೇನೆ. ಮೇಲಿನ ಲೆಕ್ಕವನ್ನೇ ಹಾಕಿದೆ, ಆದರೆ ಕೆಳಭಾಗದಲ್ಲಿ ಬೂದು ಮಂಜಿನಂತಹದು ತುಂಬಿಕೊಳ್ಳುತ್ತದೆ, ಕಾಲುಗಳ ಬದಲು ಹೊಗೆಯಲ್ಲಿ ನಿಂತಂತಿದೆ. ಹಳೆಯ ಫೋಟೋ ಆದ್ದರಿಂದ ಹೀಗೆ ಆಗುತ್ತಿದೆಯೇ?

ಪಿಕ್ಸೆಲ್‌ಪ್ರಿಯ

ಫೋಟೋದ ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಸ್ಯಾಂಪ್ಲರಿನಲ್ಲಿ `denoise` ಎಷ್ಟಿಟ್ಟಿದ್ದೀರಿ?

ಹಳೆಯಆಲ್ಬಂ

0.65. ಮುಖ ಬದಲಾಗಬಾರದೆಂದು ಕಡಿಮೆ ಮಾಡಿದ್ದೆ.

ಪಿಕ್ಸೆಲ್‌ಪ್ರಿಯ

ಅದೇ ಕಾರಣ. ಹೊಸದಾಗಿ ಸೇರಿಸಿದ ಜಾಗವನ್ನು `Pad Image for Outpainting` ನೋಡ್ ಬರಿಯ ಬೂದು ಬಣ್ಣದಿಂದ ತುಂಬಿಸಿರುತ್ತದೆ. 0.65 ಎಂದರೆ ಆ ಬೂದು ಬಣ್ಣದ ಒಂದು ಪಾಲನ್ನು ಉಳಿಸಿಕೋ ಎಂದು ನೀವೇ ಹೇಳಿದಂತೆ. ಖಾಲಿ ಜಾಗಕ್ಕೆ 1.0 ಇಡಬೇಕು. ಮುಖವನ್ನು ಕಾಪಾಡುವ ಕೆಲಸ ಮಾಸ್ಕಿನದು, ಈ ಸಂಖ್ಯೆಯದಲ್ಲ. ಕಡಿಮೆ ಇಡಲೇಬೇಕೆಂದರೆ ಬೂದು ಜಾಗದಲ್ಲಿ ಮೊದಲು ಕಾಲು, ನೆಲ, ಗೋಡೆಗಳನ್ನು ಒರಟು ಬಣ್ಣದ ತೇಪೆಗಳಾಗಿ ಬಳಿದು, ಆಮೇಲೆ 0.8ರ ಸುತ್ತ ಪ್ರಯತ್ನಿಸಿ.

ಅಳತೆಗೋಲು

ಹಳೆಯಆಲ್ಬಂ ಅವರೇ, ನಿಮ್ಮದು ಬೇರೆ ಪ್ರಶ್ನೆ ಎಂಬುದನ್ನೂ ಹೇಳಬೇಕು. ಕುಳಿತ ವ್ಯಕ್ತಿಯ ಹೆಗಲುಗಳ ಇಳಿತ, ಕೋಟಿನ ಮಡಿಕೆ, ಕೊರಳಿನ ಬಾಗು ಎಲ್ಲವೂ ಕುಳಿತಿರುವುದನ್ನೇ ಹೇಳುತ್ತಿರುತ್ತವೆ. ಅದರ ಕೆಳಗೆ ನಿಂತ ಕಾಲು ಜೋಡಿಸಿದರೆ ಎರಡು ಬೇರೆ ಜನರನ್ನು ಹೊಲಿದಂತಾಗುತ್ತದೆ. ಕುರ್ಚಿಯಲ್ಲಿ ಕುಳಿತ ಪೂರ್ಣ ಚಿತ್ರವನ್ನೇ ಮಾಡಿ. ಬೆನ್ನು ನೇರವಾಗಿದ್ದರೆ ನೆತ್ತಿಯಿಂದ ಆಸನಕ್ಕೆ ಸುಮಾರು ನಾಲ್ಕು ತಲೆ ಎಂದು ಹಿಡಿಯಿರಿ. ಮನೆಯವರಿಗೆ ತೋರಿಸುವಾಗ ಎದೆಯಿಂದ ಕೆಳಗೆ ಇರುವುದು ಅಜ್ಜನಲ್ಲ, ಊಹೆ ಎಂದು ಹಿಂಬದಿಯಲ್ಲಿ ಬರೆದಿಡುವುದು ಒಳ್ಳೆಯದು. ಮೂವತ್ತು ವರ್ಷದ ಮೇಲೆ ಅದನ್ನು ನೋಡುವವರಿಗೆ ಬೇರೆ ಸುಳಿವು ಇರುವುದಿಲ್ಲ.

ಹಳೆಯಆಲ್ಬಂ

ನಿಂತ ಚಿತ್ರವೇ ಬೇಕೆಂದು ಅಮ್ಮನಿಗೆ ಆಸೆ ಇತ್ತು. ಅವರನ್ನು ಕೇಳಿ ನೋಡುತ್ತೇನೆ.

ನೆರಳುಬೆಳಕು

ಒಂದೇ ಸಲಕ್ಕೆ ತುಂಬಿಸಿದ ಎಂಟು ಚಿತ್ರಗಳನ್ನು ತೆಗೆದೆ. ಎಂಟರಲ್ಲಿ ಆರಕ್ಕೆ ಪಾದಗಳು ಬಂದಿವೆ, ನಾಲ್ಕರಲ್ಲಿ ಅಂಗಾಲು 1040ರ ಗೆರೆಯ ಮೇಲೆಯೇ ಇದೆ. ಇದನ್ನು ನೋಡಿ ನಿಜಕ್ಕೂ ನಿರಾಳವಾಯಿತು. ಆದರೆ ಅತ್ಯುತ್ತಮವಾದ ಚಿತ್ರದಲ್ಲೂ ಏನೋ ಸರಿಯಿಲ್ಲ. ಕಾಲಿನ ಉದ್ದ ಸರಿ ಇದೆ, ಬೂಟು ಚೆನ್ನಾಗಿದೆ, ಆದರೂ ಅವಳು ಗೋಡೆಗೆ ಅಂಟಿಸಿದ ಕಾಗದದ ಬೊಂಬೆಯಂತೆ ಕಾಣುತ್ತಾಳೆ. ಗೋಡೆಯೂ ನೆಲವೂ ಕೂಡುವ ಗೆರೆ ಅವಳ ಕಣಕಾಲಿನ ಹಿಂದೆಯೇ, ಸುಮಾರು 1000ದಲ್ಲಿ ಹಾದುಹೋಗಿದೆ.

ಅಳತೆಗೋಲು

ಕಾರಣವನ್ನು ನೀವೇ ಕಂಡುಹಿಡಿದಿದ್ದೀರಿ. ಆ ಗೆರೆ ಎಲ್ಲಿರಬೇಕೆಂಬುದನ್ನು ಲೆಕ್ಕ ಹಾಕಬಹುದು, ಇದಕ್ಕೆ ಮೂರು ಸಂಗತಿ ಬೇಕು. ಫೋಟೋ ತೆಗೆದಾಗ ನೀವು ಅವಳಿಂದ ಎಷ್ಟು ದೂರದಲ್ಲಿದ್ದಿರಿ? ಅವಳಿಂದ ಗೋಡೆಗೆ ಎಷ್ಟು ದೂರ? ಮೂರನೆಯದಾಗಿ, ಅವಳ ಹಿಂದಿನ ಗೋಡೆಯಲ್ಲದೆ ಓರೆಯಾಗಿ ದೂರ ಸರಿಯುವ ಪಕ್ಕದ ಗೋಡೆಯ ಕಿಟಕಿ ಕಾಣುತ್ತಿದ್ದರೆ, ಅದರ ಮೇಲಿನ ಅಂಚನ್ನೂ ಕೆಳಗಿನ ಅಂಚನ್ನೂ ಗೆರೆ ಎಳೆದು ಮುಂದುವರಿಸಿ. ಅವೆರಡೂ ಕೂಡುವ ಸಾಲೇ ದಿಗಂತರೇಖೆ, ಎಂದರೆ ಕ್ಯಾಮೆರಾದ ಎತ್ತರ.

ನೆರಳುಬೆಳಕು

ನಾನು ಸುಮಾರು 2 ಮೀಟರ್ ದೂರದಲ್ಲಿದ್ದೆ, ಗೋಡೆ ಅವಳ ಹಿಂದೆ ಸುಮಾರು 1 ಮೀಟರ್ ದೂರದಲ್ಲಿತ್ತು. ಎಡಗಡೆಯ ಕಿಟಕಿಯ ಅಂಚುಗಳನ್ನು ಎಳೆದೆ. ಅರ್ಧ ಚೌಕಟ್ಟಿನಲ್ಲಿ ಅವು 230ರ ಹತ್ತಿರ, ಅವಳ ಮೂಗಿನ ತುದಿಯ ಮಟ್ಟದಲ್ಲಿ ಕೂಡಿದವು.

ಅಳತೆಗೋಲು

ಹಾಗಾದರೆ ಕ್ಯಾಮೆರಾ ಅವಳ ಮೂಗಿನ ಎತ್ತರದಲ್ಲಿತ್ತು. ದಿಗಂತ 230, ಅಂಗಾಲು 1040, ಇವೆರಡರ ನಡುವೆ 810 ಪಿಕ್ಸೆಲ್. ನೆಲದ ಯಾವುದೇ ಬಿಂದು ದೂರ ಹೋದಂತೆ ದಿಗಂತದ ಕಡೆಗೆ ಏರುತ್ತದೆ, ಮತ್ತು ಅದು ದಿಗಂತದಿಂದ ಎಷ್ಟು ಕೆಳಗಿದೆ ಎಂಬ ಅಂತರ ಕ್ಯಾಮೆರಾದಿಂದ ಇರುವ ದೂರಕ್ಕೆ ವಿಲೋಮವಾಗಿರುತ್ತದೆ. ಪಾದ 2 ಮೀಟರಿನಲ್ಲಿ, ಗೋಡೆಯ ಬುಡ 3 ಮೀಟರಿನಲ್ಲಿ. ಹಾಗಾಗಿ ಗೋಡೆಯ ಬುಡ ದಿಗಂತದಿಂದ 810ರ ಮೂರನೆಯ ಎರಡು ಭಾಗ, ಎಂದರೆ 540 ಪಿಕ್ಸೆಲ್ ಕೆಳಗಿರಬೇಕು. 230ಕ್ಕೆ 540 ಸೇರಿಸಿದರೆ 770. ಅದು ಅವಳ ಮೊಣಕಾಲಿಗಿಂತ ತುಸು ಮೇಲಿನ ಸಾಲು.

ನಿಮ್ಮ ಚಿತ್ರದಲ್ಲಿ ಆ ಗೆರೆ 1000ದಲ್ಲಿದೆ. ಅದೇ ಲೆಕ್ಕವನ್ನು ತಿರುಗಿಸಿದರೆ, ಗೋಡೆ ಅವಳ ಹಿಮ್ಮಡಿಯಿಂದ ಹತ್ತು ಸೆಂಟಿಮೀಟರ್ ಹಿಂದಿದೆ ಎಂದು ಆ ಗೆರೆ ಹೇಳುತ್ತಿದೆ. ಆದರೆ ಫೋಟೋದ ಮೇಲ್ಭಾಗದಲ್ಲಿ ಗೋಡೆಯ ಮಸುಕು, ಅವಳ ನೆರಳು ಬಿದ್ದ ರೀತಿ ಎಲ್ಲವೂ ಒಂದು ಮೀಟರ್ ಎನ್ನುತ್ತಿವೆ. ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಎರಡು ಬೇರೆ ಕೋಣೆಗಳನ್ನು ವರ್ಣಿಸುವುದರಿಂದಲೇ ಕಾಗದದ ಬೊಂಬೆಯ ಅನುಭವ ಬರುತ್ತಿದೆ.

ಇದನ್ನು ಪ್ರಾಂಪ್ಟಿನ ಮಾತುಗಳಿಂದ ಸರಿಪಡಿಸಲು ಹೋಗಬೇಡಿ. `wall far behind` ಎಂದು ಬರೆದರೆ ಕೆಲವು ಸಲ ಗೋಡೆ ದೂರ ಹೋಗುತ್ತದೆ, ಕೆಲವು ಸಲ ಹಜಾರವೇ ಕಾಣಿಸಿಕೊಳ್ಳುತ್ತದೆ. ಬೂದು ಜಾಗದಲ್ಲಿ 770ರ ಸಾಲಿನವರೆಗೆ ಗೋಡೆಯ ಬಣ್ಣವನ್ನು, ಅಲ್ಲಿಂದ ಕೆಳಗೆ ನೆಲದ ಬಣ್ಣವನ್ನು ದೊಡ್ಡ ಕುಂಚದಿಂದ ಬಳಿಯಿರಿ; ಫೋಟೋದಿಂದಲೇ ಬಣ್ಣ ಹೆಕ್ಕಿಕೊಳ್ಳಿ. ಕಾಲಿನ ಜಾಗದಲ್ಲಿ ಎರಡು ಬೂದುಬಣ್ಣದ ಪಟ್ಟಿ, ತುದಿಗೆ ಕಂದು ಬಣ್ಣದ ಎರಡು ಚುಕ್ಕೆ ಸಾಕು. ಆಮೇಲೆ ಪಿಕ್ಸೆಲ್‌ಪ್ರಿಯ ಅವರು ಹೇಳಿದಂತೆ `denoise` 0.8 ಅಥವಾ 0.85. ಗಮನವಿರಲಿ, `VAE Encode (for Inpainting)` ಎಂಬ ನೋಡ್ ಮಾಸ್ಕಿನೊಳಗಿನ ಬಣ್ಣವನ್ನು ಅಳಿಸಿ ಬೂದು ಮಾಡಿಬಿಡುತ್ತದೆ, ಅದನ್ನು ಬಳಸಿದರೆ ನೀವು ಬಳಿದದ್ದೆಲ್ಲ ವ್ಯರ್ಥ. `InpaintModelConditioning` ಬಳಸಿ.

ಅವಸರದವ

ಇಷ್ಟು ಲೆಕ್ಕ ಮಾಡುವ ಹೊತ್ತಿಗೆ ನಾನು ನೂರು ಚಿತ್ರ ತೆಗೆದು ಒಂದನ್ನು ಆರಿಸಿಕೊಂಡಿರುತ್ತಿದ್ದೆ.

ಪಿಕ್ಸೆಲ್‌ಪ್ರಿಯ

ಒಂದು ಚಿತ್ರಕ್ಕೆ ನಿಮ್ಮ ಮಾತು ಸರಿಯೇ. ಆರಕ್ಕೆ ಆರೂ ಒಂದೇ ಗೆರೆಯಲ್ಲಿ ಬೀಳಬೇಕಾದರೆ ಎಷ್ಟು ನೂರು ತೆಗೆಯಬೇಕಾದೀತು ಎಂದು ಯೋಚಿಸಿ.

ನೆರಳುಬೆಳಕು

770ರ ಗೆರೆಯಲ್ಲಿ ಬಣ್ಣ ಬಳಿದು 0.82ರಲ್ಲಿ ತೆಗೆದೆ. ಅವಳು ಈಗ ಕೋಣೆಯೊಳಗೆ ನಿಂತಿದ್ದಾಳೆ. ಇಷ್ಟು ದಿನ ಕಾಲುಗಳ ತಪ್ಪೆಂದುಕೊಂಡದ್ದು ನೆಲದ ತಪ್ಪಾಗಿತ್ತು. ಎಡಗೈ ಮಾತ್ರ ಚೆನ್ನಾಗಿಲ್ಲ. ಮೂಲ ಫೋಟೋದಲ್ಲಿ ಮುಂಗೈ ಅರ್ಧಕ್ಕೆ ಕತ್ತರಿಸಿತ್ತು, ಈಗ ಬಂದಿರುವ ಬೆರಳುಗಳು ಬಾಳೆಗೊನೆಯಂತಿವೆ. ಇದನ್ನು ದೊಡ್ಡದು ಮಾಡುವ ಮೊದಲು ಸರಿಪಡಿಸಬೇಕೇ, ನಂತರವೇ?

ಪಿಕ್ಸೆಲ್‌ಪ್ರಿಯ

ನಂತರ. ತಲೆ 120 ಪಿಕ್ಸೆಲ್ ಇರುವ ಚಿತ್ರದಲ್ಲಿ ಹಸ್ತಕ್ಕೆ ಸಿಗುವುದು 90 ಪಿಕ್ಸೆಲ್, ಒಂದು ಬೆರಳಿಗೆ ಹತ್ತರಷ್ಟು. ಅಷ್ಟರಲ್ಲಿ ಯಾವ ಮಾಡೆಲ್ಲೂ ಬೆರಳು ಬರೆಯಲಾರದು. ಮೊದಲು ಎರಡರಷ್ಟು ಹಿಗ್ಗಿಸಿ 1664×2432 ಮಾಡಿ, 0.3ರ ಸುತ್ತಲಿನ `denoise`ನಲ್ಲಿ ತುಂಡು ತುಂಡಾಗಿ ಒಮ್ಮೆ ಓಡಿಸಿ, ಆಮೇಲೆ ಹಸ್ತದ ಸುತ್ತ ಚೌಕ ಕತ್ತರಿಸಿ ಅದನ್ನಷ್ಟೇ 1024ಕ್ಕೆ ಹಿಗ್ಗಿಸಿ ತಿದ್ದಿ. ತುಂಡುಗಳಿಗೆ ಇಡೀ ಪ್ರಾಂಪ್ಟ್ ಕೊಡಬೇಡಿ. ನೆಲದ ತುಂಡಿಗೂ `woman` ಎಂಬ ಪದ ಹೋದರೆ ಕಲ್ಲಿನ ಮೇಲೆ ಪುಟ್ಟ ಮುಖಗಳು ಮೂಡಿಬಿಡುತ್ತವೆ.

ಅಳತೆಗೋಲು

ಅದಾದ ಮೇಲೆ 800×992ರ ಮೂಲ ಫೋಟೋವನ್ನು ಎಡದಿಂದ 432, ಮೇಲಿನಿಂದ 160ರ ಜಾಗಕ್ಕೆ ಕೂರಿಸಿ, ಅಂಚಿನಲ್ಲಿ ಸುಮಾರು 40 ಪಿಕ್ಸೆಲ್ ಮೃದುಗೊಳಿಸಿ. ಮಾಸ್ಕಿನ ಹೊರಗಿದ್ದರೂ ಮುಖ ಮಾಡೆಲ್ಲಿನ ಒಳಹೊರಗೆ ಹೋಗಿಬಂದಾಗ ಸ್ವಲ್ಪ ಸವೆದಿರುತ್ತದೆ, ರೆಪ್ಪೆಗಳಲ್ಲಿ ಅದು ಮೊದಲು ಕಾಣುತ್ತದೆ. ಕೂರಿಸಿದ ಮೇಲೆ ಚಿತ್ರದ ಕಾಂಟ್ರಾಸ್ಟನ್ನು ಅತಿಯಾಗಿ ಏರಿಸಿ ಒಮ್ಮೆ ನೋಡಿ. ಗೋಡೆಯಲ್ಲಿ ಆಯತಾಕಾರದ ನೆರಳು ಕಂಡರೆ ಹೊಸ ಭಾಗದ ಬಣ್ಣ ಜರುಗಿದೆ ಎಂದರ್ಥ, ಅದನ್ನು ಕರ್ವ್ಸ್‌ನಲ್ಲಿ ಸರಿದೂಗಿಸಿ. ಫೋಟೋದಲ್ಲಿ ಇರುವ ಸಣ್ಣ ಮರಳುಮರಳು ಹೊಸ ಭಾಗದಲ್ಲಿ ಇರುವುದಿಲ್ಲ, ಅದನ್ನೂ ಅಷ್ಟೇ ಪ್ರಮಾಣದಲ್ಲಿ ಸೇರಿಸಬೇಕು.

ಪಿಕ್ಸೆಲ್‌ಪ್ರಿಯ

ಇಲ್ಲಿ ನಾನು ಒಪ್ಪುವುದಿಲ್ಲ. ಮೂಲವನ್ನು ಹಾಗೆಯೇ ಕೂರಿಸಿದರೆ ಮುಖದ ಹರಿತವೂ ಕಾಲಿನ ಹರಿತವೂ ಎಂದಿಗೂ ಹೊಂದುವುದಿಲ್ಲ, ಎಷ್ಟೇ ಮರಳು ಸೇರಿಸಿದರೂ. ಕೂರಿಸಿದ ನಂತರ ಇಡೀ ಚಿತ್ರವನ್ನು 0.15ರಲ್ಲಿ ಒಮ್ಮೆ ಓಡಿಸಿದರೆ ಎರಡೂ ಒಂದೇ ಕೈಯಿಂದ ಬಂದಂತಾಗುತ್ತವೆ, ಮುಖ ಬದಲಾಗಿದ್ದು ಯಾರಿಗೂ ಕಾಣುವುದಿಲ್ಲ.

ಅಳತೆಗೋಲು

ಒಂದು ಚಿತ್ರದಲ್ಲಿ ಕಾಣುವುದಿಲ್ಲ. ಆರರಲ್ಲಿ ಮುಖ ಆರು ದಿಕ್ಕಿಗೆ ಒಂದೊಂದು ಕೂದಲೆಳೆಯಷ್ಟು ಜರುಗುತ್ತದೆ ಎಂಬುದು ನನ್ನ ಅನುಭವ. ನಿಮ್ಮ ಕಣ್ಣಿಗೆ ಹೊಂದಿದರೆ ಹಾಗೆಯೇ ಮಾಡಿ.

ನೆರಳುಬೆಳಕು

ಎರಡನ್ನೂ ಮಾಡಿ ನೋಡಿದೆ. ಫೋನಿನಲ್ಲಿ ಪಿಕ್ಸೆಲ್‌ಪ್ರಿಯ ಅವರದು ಚೆನ್ನಾಗಿ ಕಾಣುತ್ತದೆ, ದೊಡ್ಡ ಪರದೆಯಲ್ಲಿ ಅಳತೆಗೋಲು ಅವರದು. ನಾನು ಇನ್ನೂ ನಿರ್ಧರಿಸಿಲ್ಲ.

ಎರಡರಿಂದ ಐದರವರೆಗಿನ ಫೋಟೋಗಳು ಗೆರೆಗಳ ಮೇಲೆ ಬಂದಿವೆ. ಮೂರನೆಯದರಲ್ಲಿ ಗೋಡೆ ಇನ್ನೂ ಹಿಂದಿತ್ತು, ಅದರ ನೆಲದ ಗೆರೆಯನ್ನು ಬೇರೆಯಾಗಿ ಲೆಕ್ಕ ಹಾಕಿದೆ, 635 ಬಂದಿತು. ಇನ್ನು ಉಳಿದಿರುವುದು ಮೆಟ್ಟಿಲ ಮೇಲಿನಿಂದ ತೆಗೆದ ಆರನೆಯದು. ತಲೆಯನ್ನು 120ಕ್ಕೆ ತಂದು ಅಂಗಾಲನ್ನು 1040ಕ್ಕೆ ಎಳೆದರೆ ಕಾಲು ಅತಿ ಉದ್ದವಾಗಿ ಕಾಣುತ್ತದೆ.

ಬಣ್ಣದಡಬ್ಬಿ

ಇದಕ್ಕೇ ನಾನು ಮೊದಲು ಹೇಳಿದ್ದು. ಈ ಒಂದರಲ್ಲಿ ಕಾಲನ್ನು ಗಿಡ್ಡ ಮಾಡಿ, ಅಂಗಾಲು 960ರ ಆಸುಪಾಸಿಗೆ ಬರಲಿ, ನೆಲವನ್ನು ಎತ್ತರಿಸಿ.

ಅಳತೆಗೋಲು

ಬಣ್ಣದಡಬ್ಬಿ ಅವರು ಹೇಳಿದ್ದು ಈ ಫೋಟೋಗೆ ಸರಿ, ಸಂಖ್ಯೆ ಮಾತ್ರ ಕಣ್ಣಂದಾಜು. ಆದರೆ ಅಂಗಾಲು 960ಕ್ಕೆ ಬಂದರೆ ಆ ಚಿತ್ರ ಉಳಿದ ಐದರ ಸಾಲಿನಲ್ಲಿ ನಿಲ್ಲುವುದಿಲ್ಲ. ಫೋಟೋವನ್ನು ಪರ್ಸ್ಪೆಕ್ಟಿವ್ ತಿದ್ದುಪಡಿಯಿಂದ ಮೊದಲು ನೆಟ್ಟಗೆ ಮಾಡಿದರೆ ಗೋಡೆ ಸರಿಯಾಗುತ್ತದೆ, ಮುಖ ಮಾತ್ರ ಮೇಲಿನಿಂದ ನೋಡಿದಂತೆಯೇ ಉಳಿಯುತ್ತದೆ, ಹಣೆ ದೊಡ್ಡದು, ಗಲ್ಲ ಚಿಕ್ಕದು. ನಾನಾಗಿದ್ದರೆ ಅದನ್ನು ಸಾಲಿನಿಂದ ತೆಗೆದು, ಮೇಲಿನಿಂದ ಕಾಣುವ ಬೇರೆಯೇ ದೃಶ್ಯವಾಗಿ ಬಳಸುತ್ತಿದ್ದೆ.

ನೆರಳುಬೆಳಕು

ಆ ಫೋಟೋದಲ್ಲಿಯೇ ಅವಳ ನಗು ಎಲ್ಲಕ್ಕಿಂತ ಚೆನ್ನಾಗಿದೆ. ಭಾನುವಾರ ಅವಳನ್ನು ಮತ್ತೆ ಕರೆದು, ಮೆಟ್ಟಿಲಿಳಿದು ಮೂಗಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿದು, ಈ ಸಲ ಪಾದಗಳನ್ನೂ ಸೇರಿಸಿಯೇ ತೆಗೆಯಲು ಪ್ರಯತ್ನಿಸುತ್ತೇನೆ.